ಕಣ್ಣಿಗೆ ತೋಟ, ಕಡತದಲ್ಲಿ ಗದ್ದೆ

ಪ್ರಶ್ನೆ: ಕಾಸರಗೋಡು ಕಡೆ 15 ಲಕ್ಷಕ್ಕೆ ಅಡಿಕೆ ತೋಟವೊಂದು ಬಂದಿದೆ. ಐದಾರು ವರ್ಷ ಇಟ್ಟು ಮಾರಿದರೆ ಬ್ಯಾಂಕಿನ ಠೇವಣಿಗಿಂತ ಲಾಭವಲ್ಲವೇ?

ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ನಾನೂ ಇದೇ ಲೆಕ್ಕ ಹಾಕಿ ಬದಿಯಡ್ಕದ ಹತ್ತಿರ 60 ಸೆಂಟ್ಸ್ ತೋಟ ಕೊಂಡೆ. ಸೆಂಟ್ಸಿಗೆ 25,000. ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶುಲ್ಕ ಶೇ. 2. ಆ ಒಂದೂವರೆ ಲಕ್ಷ ನೋಂದಣಿಯ ದಿನವೇ ಹೋಯಿತು.

ಪತ್ರ, ಋಣಭಾರ ಪ್ರಮಾಣಪತ್ರ, ತೆರಿಗೆ ರಸೀದಿ ಎಲ್ಲವನ್ನೂ ನೋಡಿದ್ದೆ. ನೋಡದೆ ಬಿಟ್ಟದ್ದು ಒಂದನ್ನೇ: ವಿಲೇಜ್ ಆಫೀಸಿನ ಮೂಲ ತೆರಿಗೆ ರಿಜಿಸ್ಟರ್. ಅದರಲ್ಲಿ ಜಮೀನಿನ ಜಾತಿ 'ಪುರಯಿಡಂ' ಎಂದಿದ್ದರೆ ಹಿತ್ತಿಲು ಅಥವಾ ತೋಟ, 'ನಿಲಂ' ಎಂದಿದ್ದರೆ ಗದ್ದೆ. ನನ್ನದು ನಿಲಂ. ಅಡಿಕೆ ಮರ ನಿಂತ ಮಾತ್ರಕ್ಕೆ ಆ ಪದ ಅಳಿಯುವುದಿಲ್ಲ. ಕೇರಳದ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆ 2008ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಪ್ರತಿ ಪಂಚಾಯಿತಿಗೂ ಗದ್ದೆಗಳ ಪಟ್ಟಿ ಇದೆ, ಅದಕ್ಕೆ 'ಡೇಟಾ ಬ್ಯಾಂಕ್' ಎನ್ನುತ್ತಾರೆ. ನನ್ನ ಸರ್ವೆ ನಂಬರ್ ಅದರಲ್ಲಿಯೂ ಇತ್ತು.

ಇದು ತಿಳಿದದ್ದು ಅಮ್ಮನ ಚಿಕಿತ್ಸೆಗೆ ಹಣ ಬೇಕಾಗಿ ಮಾರಲು ಹೊರಟಾಗ. ಮನೆ ಕಟ್ಟಲೆಂದು ಬಂದ ಇಬ್ಬರೂ ರಿಜಿಸ್ಟರ್ ನೋಡಿ, ಗದ್ದೆಯಲ್ಲಿ ಮನೆ ಕಟ್ಟಲು ಅನುಮತಿ ಸುಲಭವಲ್ಲವೆಂದು ಹಿಂದೆ ಸರಿದರು. ಪಟ್ಟಿಯಿಂದ ತೆಗೆಯಿರಿ ಎಂದು ಐದನೆಯ ನಮೂನೆಯಲ್ಲಿ ಅರ್ಜಿ ಹಾಕಿದೆ. ಕೃಷಿ ಅಧಿಕಾರಿ ಸ್ಥಳಕ್ಕೆ ಬಂದರು, ಉಪಗ್ರಹ ಚಿತ್ರವೂ ಬಂತು. 2008ಕ್ಕೆ ಮೊದಲೇ ಗದ್ದೆಯನ್ನು ಎತ್ತರಿಸಿದ್ದರೆ ದಾರಿಯಿತ್ತು. ನನ್ನ ಮರಗಳು ಆಮೇಲೆ ನೆಟ್ಟವು. ಅರ್ಜಿ ಬಿದ್ದುಹೋಯಿತು.

ಕೊಳ್ಳುವ ಮೊದಲೇ ಇದು ಕಣ್ಣಿಗೆ ಬೀಳಬೇಕಿತ್ತು. ಮರಗಳೆಲ್ಲ ಒಂದೇ ಪ್ರಾಯದವು, ಸುತ್ತಲೂ ತಗ್ಗಿನ ಬೈಲು, ಸಾಲುಗಳ ನಡುವೆ ನೀರು ಬಸಿಯಲು ಆಳದ ಕಣಿ, ಅಂಚಿನಲ್ಲಿ ಹಳೆಯ ಹುಣಿಯ ಗುರುತು. ನೀವು ನೋಡಿದ ತೋಟದಲ್ಲಿ ಇವು ಕಂಡರೆ ಮುಂಗಡ ಕೊಡುವ ಮೊದಲು ಸರ್ವೆ ನಂಬರ್ ಹಿಡಿದು ವಿಲೇಜ್ ಆಫೀಸಿಗೂ ಕೃಷಿಭವನಕ್ಕೂ ಹೋಗಿ. ದಲ್ಲಾಳಿಯ ಮಾತನ್ನು ನಂಬಬೇಡಿ, ಪಟ್ಟಿಯನ್ನೇ ನೋಡಿ.

ಠೇವಣಿಗೆ ಹೋಲಿಸುವುದನ್ನಂತೂ ಈಗಲೇ ಬಿಡಿ. ಠೇವಣಿಗೆ ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಎರಡು ಸಲ ಬೋರ್ಡೋ ದ್ರಾವಣ ಸಿಂಪಡಿಸಬೇಕಿಲ್ಲ, ಮರ ಹತ್ತುವವರಿಗಾಗಿ ಕಾಯಬೇಕಿಲ್ಲ. ಮುರಿದರೆ ಅದೇ ದಿನ ಹಣ ಕೈಗೆ ಬರುತ್ತದೆ. ನನ್ನ ಜಮೀನಿಗೆ ಗಿರಾಕಿ ಸಿಗಲು ಎರಡು ವರ್ಷ ಹಿಡಿಯಿತು. ಕೊನೆಗೆ ಪಕ್ಕದ ತೋಟದವರು ಸೆಂಟ್ಸಿಗೆ 14,000ದಂತೆ, ಒಟ್ಟು 8 ಲಕ್ಷದ 40 ಸಾವಿರಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಅಮ್ಮನ ಆಸ್ಪತ್ರೆಯ ಖರ್ಚನ್ನೆಲ್ಲ ಭಾವ ಸಾಲ ಮಾಡಿ ಕಟ್ಟಿದ್ದರು.