ಆಪ್ತಸಲಹೆ ಪ್ರಕರಣ: ಆಡಿಟ್ ಕಮಿಟಿಗೆ ಬರೆದ ಪತ್ರ

(ಗುರುತು ಸಿಗದಂತೆ ವಿವರ, ಅಂಕಿ ಬದಲಿಸಲಾಗಿದೆ.)

ವಿಜಯಪುರದ ಒಂದು ಪಟ್ಟಣ ಸಹಕಾರಿ ಬ್ಯಾಂಕಿನ ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥರು ಸಲಹೆಗೆ ಬಂದಿದ್ದರು. "ಮಂದಿ ಕೊಡ್ರಿ ಅಂತ ಪ್ರತಿ ವರ್ಷ ಬರೀತೀನ್ರಿ ಸರ್, ಯಾರೂ ಲಕ್ಷ್ಯ ಕೊಡೂದಿಲ್ಲ" ಎಂಬುದು ಅವರ ಅಳಲು. ನಿದ್ದೆ ಕೆಟ್ಟಿತ್ತು, ರಾಜೀನಾಮೆಯ ಮಾತೂ ಬಂತು.

ಬ್ಯಾಂಕಿನ ನಿರ್ದೇಶಕರ ಆಡಿಟ್ ಕಮಿಟಿಗೆ ಅವರು ಬರೆದ ಪತ್ರ ಓದಿದಾಗ ಕಾರಣ ತಿಳಿಯಿತು. ಮೊದಲ ಏಳು ಪುಟ ಮುಗಿಸಿದ ಆಡಿಟ್‌ಗಳ ಪಟ್ಟಿ, ಕೊನೆಗೆ "ಸಿಬ್ಬಂದಿ ಕೊರತೆ ಇದೆ" ಎಂಬ ಒಂದು ಸಾಲು. ಓದಿದ ನಿರ್ದೇಶಕರಿಗೆ ಕೆಲಸ ಸುಸೂತ್ರವಾಗಿ ನಡೆದಿದೆ ಎಂದೇ ಅನಿಸುತ್ತದೆ.

ಮೊದಲು ದಿನಗಳ ಲೆಕ್ಕ ಹಾಕಿಸಿದೆವು. ರಜೆ, ತರಬೇತಿ, ಹಳೆಯ ಆಕ್ಷೇಪಣೆಗಳ ಬೆನ್ನುಹತ್ತುವ ಕೆಲಸ ಕಳೆದರೆ ಒಬ್ಬರಿಗೆ ವರ್ಷಕ್ಕೆ 200 ದಿನ ಉಳಿಯುತ್ತವೆ, ವಿಭಾಗದ ನಾಲ್ವರಿಗೆ 800. ಕಮಿಟಿಯೇ ಒಪ್ಪಿದ ಯೋಜನೆಗೆ ಬೇಕಿದ್ದದ್ದು 972. ಕೊರತೆ 172 ದಿನ. ಅದರಿಂದ ಬಿಟ್ಟುಹೋದದ್ದು ಕಂಪ್ಯೂಟರ್ ವ್ಯವಸ್ಥೆಯ ಐಟಿ ಆಡಿಟ್ (60 ದಿನ) ಮತ್ತು ಬಂಗಾರದ ಸಾಲ ಹೆಚ್ಚಿರುವ ನಾಲ್ಕು ಶಾಖೆ (ತಲಾ 28 ದಿನ).

ವರ್ಷದ ಆಡಿಟ್‌ಗಳಲ್ಲಿ ಕಂಡದ್ದನ್ನು ಈ ಕೊರತೆಗೆ ಜೋಡಿಸಬೇಕಾದದ್ದು ಇಲ್ಲಿಯೇ. ಆಡಿಟ್ ಆದ ಎರಡು ಶಾಖೆಗಳಲ್ಲಿ ಅಡವಿನ ಪೊಟ್ಟಣ ತೆರೆದು ಮತ್ತೆ ತೂಗಿದಾಗ, ಬಂಗಾರ ಪರೀಕ್ಷಿಸಿ ಬೆಲೆ ಕಟ್ಟುವ ಅಪ್ರೈಸರ್, ಹರಳು ಮತ್ತು ಅರಗಿನ ತೂಕ ಕಳೆಯದೆ ನಿವ್ವಳ ತೂಕ ಬರೆದಿದ್ದು ಸಿಕ್ಕಿತ್ತು. ಬಿಟ್ಟುಹೋದ ನಾಲ್ಕರಲ್ಲಿ ಎರಡಕ್ಕೆ ಅದೇ ಅಪ್ರೈಸರ್. ಮೊದಲ ಪತ್ರದಲ್ಲಿ ಈ ವಿಷಯ ಐದನೇ ಪುಟದ ಅಡಿಯಲ್ಲಿ ಹೂತುಹೋಗಿತ್ತು! ಅದನ್ನು ಮೊದಲ ಪುಟಕ್ಕೆ ತಂದು, "ಈ ನಾಲ್ಕು ಶಾಖೆಗಳ ಅಡವಿನ ಬಗ್ಗೆ ನಾವು ಯಾವ ಭರವಸೆಯನ್ನೂ ಕೊಡಲಾರೆವು" ಎಂದು ನೇರವಾಗಿ ಬರೆಯಲು ಹೇಳಿದೆವು. ಅಪ್ರೈಸರ್ ಮೇಲೆ ಆರೋಪ ಬೇಡ, ಕಂಡದ್ದಷ್ಟೇ ಸಾಕು.

ಕೇಳಿಕೆ ಎರಡಕ್ಕೆ ಇಳಿಯಿತು. ಒಬ್ಬ ಕಾಯಂ ಆಡಿಟರ್: ಹೊಸಬರಿಂದ ಮೊದಲ ವರ್ಷ 200 ದಿನ ದಕ್ಕುವುದಿಲ್ಲ, 120 ದಿನ ಹಿಡಿದರೂ ನಾಲ್ಕು ಶಾಖೆಗೆ ಬೇಕಾದ 112 ಸಿಗುತ್ತದೆ. ಇನ್ನು ಐಟಿಗೆ 60 ದಿನದ ಗುತ್ತಿಗೆ ತಜ್ಞರು. ₹500 ಕೋಟಿ ಮತ್ತು ಅದಕ್ಕೂ ಹೆಚ್ಚಿನ ಆಸ್ತಿಯ ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2021ರ ಫೆಬ್ರುವರಿಯಲ್ಲಿ ಹೊರಡಿಸಿದ ಸುತ್ತೋಲೆ ಆಂತರಿಕ ಆಡಿಟ್ಟನ್ನು ಹೊರಗುತ್ತಿಗೆಗೆ ಕೊಡಬಾರದೆಂದಿತ್ತು. ಆದರೆ ಒಳಗೆ ಆ ಪರಿಣತಿ ಇಲ್ಲವೆಂದು ಆಡಿಟ್ ಕಮಿಟಿಗೆ ಖಾತ್ರಿಯಾದರೆ ತಜ್ಞರನ್ನು ಕರಾರಿನ ಮೇಲೆ ಪಡೆಯಬಹುದು. ಈ ಬ್ಯಾಂಕು ಆ ಮಿತಿಗೆ ಬರುವುದರಿಂದ, ಖಾತ್ರಿಗೆ ಬೇಕಾದ ಕಾರಣ ಪತ್ರದಲ್ಲಿಯೇ ಇರಬೇಕು.

ನಿದ್ದೆಗೆಟ್ಟದ್ದು ಮುಖ್ಯವಾಗಿ ಒಂದು ಭಯದಿಂದ: ನಾಳೆ ಆ ಶಾಖೆಯಲ್ಲಿ ಏನಾದರೂ ಹೊರಬಿದ್ದರೆ ಹೊಣೆ ತಮ್ಮದೇ ಎಂದು. ಅದಕ್ಕೆ ಪತ್ರದ ಕೊನೆಗೆ ಹೀಗೆ ಸೇರಿಸಿದೆವು: "ಅನುಮೋದನೆ ಆಗದಿದ್ದರೆ ಮುಂದಿನ ವರ್ಷವೂ ಈ ಐದು ಆಡಿಟ್ ನಡೆಯುವುದಿಲ್ಲ. ಆ ಅಪಾಯವನ್ನು ಕಮಿಟಿ ಒಪ್ಪಿದೆಯೇ ಎಂಬುದನ್ನು ನಡಾವಳಿಯಲ್ಲಿ ದಾಖಲಿಸಲು ಕೋರುತ್ತೇನೆ." ಕರಡನ್ನು ಎಂಡಿಯವರಿಗೆ ತೋರಿಸುವುದು ಸರಿ, ಆದರೆ ಈ ಸಾಲು ತೆಗೆಯಿರಿ ಎಂದರೆ ಒಪ್ಪದೆ, ಕಮಿಟಿಯ ಅಧ್ಯಕ್ಷರಿಗೆ ನೇರವಾಗಿ ಕಳಿಸಲು ತಿಳಿಸಿದೆವು.