ಗ್ರಾಫ್ ಇಳಿದರೂ ಉಕ್ಕು ಸೋತಿರುವುದಿಲ್ಲ

ಪ್ರಶ್ನೆ: ಮೈಲ್ಡ್ ಸ್ಟೀಲ್‌ನ ಸ್ಟ್ರೆಸ್-ಸ್ಟ್ರೇನ್ ಗ್ರಾಫ್ ಅಲ್ಟಿಮೇಟ್ ಪಾಯಿಂಟ್ ದಾಟಿದ ಮೇಲೆ ಕೆಳಗೆ ಇಳಿಯುತ್ತಲ್ಲ, ಅಂದ್ರೆ ಮುರಿಯೋ ಮುಂಚೆ ಉಕ್ಕಿನ ಶಕ್ತಿ ಕಡಿಮೆ ಆಗುತ್ತಾ? ಯೀಲ್ಡ್ ಹತ್ತಿರ ಸಣ್ಣದೊಂದು ಏರಿಳಿತ ಇರುತ್ತೆ, ಅದೇನು?

ಇಲ್ಲ, ಉಕ್ಕು ಕೊನೆವರೆಗೂ ಗಟ್ಟಿಯಾಗುತ್ತಲೇ ಹೋಗುತ್ತದೆ. ಇಳಿಯುವುದು ಕಂಬಿಯನ್ನು ಎಳೆಯುವ ಯಂತ್ರ ತೋರಿಸುವ ಲೋಡ್. ಸ್ಟ್ರೆಸ್ ಲೆಕ್ಕಕ್ಕೆ ಆ ಲೋಡನ್ನು ನಾವು ಪ್ರತಿ ಸಲವೂ ಕಂಬಿಯ ಅಡ್ಡಕೊಯ್ತದ ಮೊದಲಿನ ವಿಸ್ತೀರ್ಣದಿಂದಲೇ ಭಾಗಿಸುತ್ತೇವೆ. ಕಂಬಿ ತೆಳ್ಳಗಾಗುತ್ತಿದೆ ಎಂಬುದು ಆ ಲೆಕ್ಕದಲ್ಲಿ ಸೇರುವುದೇ ಇಲ್ಲ.

ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ಕಂಬಿಯ ವ್ಯಾಸ 10 ಮಿ.ಮೀ., ಗುರುತು ಹಾಕಿದ ಗೇಜ್ ಉದ್ದ 50 ಮಿ.ಮೀ. ವಿಸ್ತೀರ್ಣ 78.5 ಚದರ ಮಿ.ಮೀ. ಆಗುತ್ತದೆ.

ಮೊದಲು ಗ್ರಾಫ್ ನೇರ ಗೆರೆಯಾಗಿ ಏರುತ್ತದೆ. ಲೋಡ್ 22 ಕಿಲೋನ್ಯೂಟನ್ ಮುಟ್ಟಿತು ಅನ್ನಿ. ಸ್ಟ್ರೆಸ್ 280 ಎಂಪಿಎ. ಉಕ್ಕಿನ ಯಂಗ್ಸ್ ಮಾಡ್ಯುಲಸ್, ಅಂದರೆ ಈ ಗೆರೆಯಲ್ಲಿ ಸ್ಟ್ರೆಸ್‌ಗೂ ಸ್ಟ್ರೇನ್‌ಗೂ ಇರುವ ಅನುಪಾತ, ಸುಮಾರು 200 ಜಿಪಿಎ. ಹಾಗಾಗಿ ಸ್ಟ್ರೇನ್ ಶೇ. 0.14, ಅಂದರೆ 50 ಮಿ.ಮೀ. ಉದ್ದ ಬರೀ 0.07 ಮಿ.ಮೀ. ಹಿಗ್ಗಿರುತ್ತದೆ. ಪೂರ್ತಿ ಗ್ರಾಫ್‌ನಲ್ಲಿ ಈ ಗೆರೆ ಹೆಚ್ಚು ಕಡಿಮೆ ನೆಟ್ಟಗೆ ನಿಂತಂತೆ ಕಾಣಬೇಕು. ನಿಮ್ಮದು ತುಂಬಾ ವಾಲಿದ್ದರೆ, ಸ್ಟ್ರೇನನ್ನು ಯಂತ್ರದ ಕ್ರಾಸ್‌ಹೆಡ್ ಚಲನೆಯಿಂದ ಲೆಕ್ಕ ಹಾಕಿರಬಹುದು. ಆಗ ಹಿಡಿತ ಜಾರಿದ್ದು, ಯಂತ್ರವೇ ಸ್ವಲ್ಪ ಬಾಗಿದ್ದು ಎಲ್ಲವೂ ಕಂಬಿಯ ಲೆಕ್ಕಕ್ಕೆ ಬೀಳುತ್ತದೆ. ಈ ಭಾಗಕ್ಕೆ ಕಂಬಿಗೇ ಕಟ್ಟುವ ಎಕ್ಸ್‌ಟೆನ್ಸೊಮೀಟರ್ ಬೇಕೇ ಬೇಕು.

ಈಗ ನೀವು ಕೇಳಿದ ಏರಿಳಿತ. ಲೋಡ್ 22ರಿಂದ ಥಟ್ಟನೆ 20.4 ಕಿಲೋನ್ಯೂಟನ್‌ಗೆ ಇಳಿಯುತ್ತದೆ, ಸ್ಟ್ರೆಸ್ 260 ಎಂಪಿಎ. ಮೊದಲಿನದು ಮೇಲಿನ ಯೀಲ್ಡ್ ಪಾಯಿಂಟ್, ಎರಡನೆಯದು ಕೆಳಗಿನದು. ಉಕ್ಕಿನ ಹರಳುಗಳೊಳಗೆ ಡಿಸ್‌ಲೊಕೇಶನ್ ಎಂಬ ದೋಷದ ಗೆರೆಗಳಿವೆ. ಅವು ಸರಿದಾಡಿದರೆ ಮಾತ್ರ ಲೋಹ ಶಾಶ್ವತವಾಗಿ ಹಿಗ್ಗುತ್ತದೆ. ಕಾರ್ಬನ್, ನೈಟ್ರೋಜನ್ ಪರಮಾಣುಗಳು ಅವುಗಳ ಸುತ್ತ ಸೇರಿಕೊಂಡು ಹಿಡಿದಿಟ್ಟಿರುತ್ತವೆ. ಆ ಹಿಡಿತ ಬಿಡಿಸೋಕೆ ಜಾಸ್ತಿ ಬಲ ಬೇಕು, ಬಿಟ್ಟ ಮೇಲೆ ಕಡಿಮೆ ಸಾಕು. ಈ ಬಿಡುಗಡೆ ಇಡೀ ಕಂಬಿಯಲ್ಲಿ ಒಟ್ಟಿಗೆ ಆಗುವುದಿಲ್ಲ. ಒಂದು ಕಡೆ ಶುರುವಾಗಿ ಪಟ್ಟಿಯಂತೆ ಹರಡುತ್ತದೆ. ಪಟ್ಟಿ ಕಂಬಿಯನ್ನೆಲ್ಲ ಆವರಿಸುವ ತನಕ ಗ್ರಾಫ್ ಸಣ್ಣಗೆ ನಡುಗುತ್ತಾ ಮಟ್ಟವಾಗಿ ಸಾಗುತ್ತದೆ. ಎಳೆಯುವ ವೇಗ ಹೆಚ್ಚಿದರೆ, ಕಂಬಿ ಸ್ವಲ್ಪ ಓರೆಯಾಗಿ ಕೂತರೆ ಮೇಲಿನ ಬೆಲೆ ಸುಲಭವಾಗಿ ಬದಲಾಗುತ್ತದೆ. ಅದಕ್ಕೇ ರಿಪೋರ್ಟ್‌ನಲ್ಲಿ ಸುಮ್ನೆ ‘ಯೀಲ್ಡ್’ ಎಂದು ಬರೆಯಬೇಡಿ, ಮೇಲಿನದೋ ಕೆಳಗಿನದೋ ಹೇಳಿ.

ಆಮೇಲೆ ಗ್ರಾಫ್ ಮತ್ತೆ ಏರುತ್ತದೆ. ಇಲ್ಲಿ ಎರಡು ಸಂಗತಿಗಳ ನಡುವೆ ಪೈಪೋಟಿ ಇದೆ. ಹಿಗ್ಗಿದಷ್ಟೂ ಉಕ್ಕು ಗಟ್ಟಿಯಾಗುತ್ತದೆ, ಜೊತೆಗೆ ತೆಳ್ಳಗೂ ಆಗುತ್ತದೆ. ಶುರುವಿನಲ್ಲಿ ಗಟ್ಟಿಯಾಗುವುದೇ ಗೆಲ್ಲುತ್ತದೆ. ಎಲ್ಲೋ ಒಂದು ಕಡೆ ಚೂರು ಸಣ್ಣಗಾದರೂ ಆ ಜಾಗ ಹೆಚ್ಚು ಗಟ್ಟಿಯಾಗಿ ತಡೆಯುತ್ತದೆ, ಪಕ್ಕದ ಭಾಗ ಹಿಗ್ಗುತ್ತದೆ. ಅದರಿಂದಲೇ ಇಡೀ ಕಂಬಿ ಸಮನಾಗಿ ತೆಳುವಾಗುತ್ತಾ ಬರುತ್ತದೆ. ಆದರೆ ಗಟ್ಟಿಯಾಗುವ ವೇಗ ಬರಬರುತ್ತಾ ತಗ್ಗುತ್ತದೆ. ಎರಡೂ ಸರಿಸಮ ಆದ ಗಳಿಗೆಯೇ ಗ್ರಾಫ್‌ನ ಮೇಲಿನ ತುದಿ. ನಮ್ಮ ಕಂಬಿಯಲ್ಲಿ ಅದು 33 ಕಿಲೋನ್ಯೂಟನ್, ಅಂದರೆ 420 ಎಂಪಿಎ. ಇದೇ ಅಲ್ಟಿಮೇಟ್ ಸ್ಟ್ರೆಂತ್.

ಅದು ದಾಟಿದರೆ, ಸಣ್ಣಗಾದ ಜಾಗಕ್ಕೆ ತನ್ನನ್ನು ಕಾಪಾಡಿಕೊಳ್ಳುವಷ್ಟು ಗಟ್ಟಿತನ ಬರುವುದಿಲ್ಲ. ಮುಂದಿನ ಹಿಗ್ಗುವಿಕೆಯೆಲ್ಲ ಅಲ್ಲೇ ಸೇರುತ್ತದೆ, ಉಳಿದ ಭಾಗ ಹಿಗ್ಗುವುದು ನಿಲ್ಲುತ್ತದೆ. ಇದೇ ನೆಕ್ಕಿಂಗ್. ಲೋಡ್ 25 ಕಿಲೋನ್ಯೂಟನ್‌ಗೆ ಇಳಿದು ಕಂಬಿ ತುಂಡಾಯಿತು ಅನ್ನಿ. 25ನ್ನು 78.5ರಿಂದ ಭಾಗಿಸಿದರೆ ಸುಮಾರು 320 ಎಂಪಿಎ, ಅಷ್ಟನ್ನೇ ಗ್ರಾಫ್ ತೋರಿಸುತ್ತದೆ. ಈಗ ಮುರಿದ ಜಾಗದ ವ್ಯಾಸ ಅಳೆಯಿರಿ. 6.3 ಮಿ.ಮೀ. ಇದ್ದರೆ ವಿಸ್ತೀರ್ಣ 31.2 ಚದರ ಮಿ.ಮೀ. ಅದರಿಂದ ಭಾಗಿಸಿದರೆ ಸುಮಾರು 800 ಎಂಪಿಎ! ತುದಿಯ 420ನ್ನೂ ಹೀಗೆ ತಿದ್ದಬೇಕಲ್ವಾ? ಅಲ್ಲಿ ಸ್ಟ್ರೇನ್ ಶೇ. 20 ಎಂದಿಟ್ಟುಕೊಂಡರೆ, ಘನಗಾತ್ರ ಬದಲಾಗದೆ ಉದ್ದ ಹೆಚ್ಚಿದಷ್ಟೇ ಪಟ್ಟು ವಿಸ್ತೀರ್ಣ ಕುಗ್ಗುವ ಕಾರಣ 1.2ರಿಂದ ಗುಣಿಸಬಹುದು, 504 ಬರುತ್ತದೆ. ಅಂದರೆ ಗ್ರಾಫ್ ಇಳಿಯುತ್ತಿದ್ದಾಗ ನೆಕ್ ಭಾಗದ ನಿಜವಾದ ಸ್ಟ್ರೆಸ್ 504ರಿಂದ 800ರತ್ತ ಏರಿದೆ. ಆ 800 ಒಂದು ಸರಾಸರಿ ಮಾತ್ರ. ನೆಕ್‌ನ ಆಕಾರದಿಂದಾಗಿ ಒಳಗೆ ಸ್ಟ್ರೆಸ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ತುದಿ ದಾಟಿದ ಮೇಲೆ 1.2ರ ಥರದ ಗುಣಾಕಾರವೂ ನಡೆಯದು, ವ್ಯಾಸ ಅಳೆಯಲೇಬೇಕು.

ಇದೇ ಕಾರಣಕ್ಕೆ ಶೇಕಡಾ ಎಲಾಂಗೇಶನ್ ಬರೆಯುವಾಗ ಗೇಜ್ ಉದ್ದವನ್ನೂ ಬರೆಯಿರಿ. 50 ಮಿ.ಮೀ. ಉದ್ದ 65 ಆದರೆ ಶೇ. 30. ಆ 15 ಮಿ.ಮೀ.ನಲ್ಲಿ 10 ಇಡೀ ಉದ್ದದಲ್ಲಿ ಸಮನಾಗಿ ಬಂದದ್ದು, 5 ನೆಕ್‌ನದ್ದು. ಅದೇ ಕಂಬಿಗೆ 100 ಮಿ.ಮೀ. ಗುರುತು ಹಾಕಿದ್ದರೆ ಸಮನಾದ ಭಾಗ 20 ಆಗುತ್ತಿತ್ತು, ನೆಕ್‌ನದ್ದು ಅದೇ 5. ಒಟ್ಟು ಶೇ. 25. ಉಕ್ಕು ಒಂದೇ, ಅಂಕಿ ಬೇರೆ.