ಥೀಸಿಸ್‌ಗೆ ಯೂನಿಕೋಡ್ ಫಾಂಟೇ ಯಾಕೆ?

ಪ್ರಶ್ನೆ: ಮಡಿಕೇರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಪಿಡಿಎಫ್, ಎಡಕ್ಕೆ ಒಂದೂವರೆ ಇಂಚು ಮಾರ್ಜಿನ್, ಯೂನಿಕೋಡ್ ಫಾಂಟ್ ಬೇಕೆಂದು ಲೈಬ್ರರಿಯನ್ ಪತ್ರ ಬಂದಿದೆ. ನನ್ನದು ಹಳೇ ನುಡಿ ಫಾಂಟ್, ಚೆನ್ನಾಗೇ ಕಾಣುತ್ತದೆ. ಬದಲಿಸಲೇಬೇಕಾ?

ಉತ್ತರ: ಹೌದು, ಬದಲಿಸಲೇಬೇಕು. ಕಣ್ಣಿಗೆ ಕನ್ನಡ ಕಂಡರೂ ಫೈಲಿನೊಳಗೆ ಕನ್ನಡ ಇರುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುತ್ತದೆ, ಆದರೆ ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತದೆ, ಅಷ್ಟೇ. ಪಿಡಿಎಫ್‌ನಿಂದ ‘ಕೊಡಗು’ ಪದ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಹೀಗೆ ಬರುತ್ತದೆ:

```
PÉÆqÀUÀÄ
```

ಥೀಸಿಸ್‌ಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಯಾರಾದರೂ ‘ಕೊಡಗು’ ಅಂತ ಹುಡುಕಿದರೆ ನಿಮ್ಮ ಪುಟಗಳು ಸಿಗುವುದೇ ಇಲ್ಲ.

ಪಿಡಿಎಫ್‌ ಅಲ್ಲ, ಮೂಲ ವರ್ಡ್ ಫೈಲನ್ನೇ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಿಸಿ. ಮಧ್ಯೆ ಇರುವ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಅಂದುಕೊಂಡು ಕೆಡಿಸಬಹುದು. ಅಡಿಟಿಪ್ಪಣಿ, ಗ್ರಂಥಸೂಚಿಯಲ್ಲೇ ಈ ಕಾಟ ಜಾಸ್ತಿ, ಅವನ್ನು ಸಾಲು ಸಾಲಾಗಿ ಓದಿ. ಪುಟಗಳು ಸರಿಯುತ್ತವೆ, ಹಾಗಾಗಿ ಪರಿವಿಡಿ ಕೊನೆಗೆ ಮಾಡಿ.

ಮಾರ್ಜಿನ್ ಬರೀ ಬೈಂಡಿಂಗ್‌ಗೆ. ಹೊಲಿಗೆಯಲ್ಲಿ ಅಕ್ಷರ ಸಿಕ್ಕಿಕೊಳ್ಳಬಾರದು, ಅಲ್ವಾ? ಪಿಡಿಎಫ್ ಆದಮೇಲೆ ರೀಡರ್‌ನ Properties ಒಳಗೆ Fonts ತೆರೆಯಿರಿ. ಪ್ರತಿ ಫಾಂಟಿನ ಮುಂದೆ Embedded ಅಂತಿರಬೇಕು. ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಅಕ್ಷರದ ಬದಲು ಬರೀ ಚೌಕಗಳು ಕಾಣಬಹುದು.